ಗುಪ್ತ ಸಮಸ್ಯೆಗೆ ಫೋನ್‌ನಲ್ಲೇ ಡಾಕ್ಟರ್: ಅಸಲಿ ಯಾರು, ನಕಲಿ ಯಾರು, ಗುಟ್ಟು ಉಳಿಸಿಕೊಳ್ಳುವುದು ಹೇಗೆ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಓಡಾಡಿದವರಿಗೆ ಬಸ್ ಸ್ಟ್ಯಾಂಡ್ ಗೋಡೆಯ ಬರಹಗಳು ಗೊತ್ತು. ‘ಗುಪ್ತರೋಗ, ನರ ದೌರ್ಬಲ್ಯ, ಶೀಘ್ರಪತನಕ್ಕೆ ಗ್ಯಾರಂಟಿ ಚಿಕಿತ್ಸೆ, ಇಂಥ ದಿನ ಇಂಥ ಲಾಡ್ಜ್‌ನಲ್ಲಿ ಭೇಟಿ’ ಅಂತ ಬರೆದಿರುತ್ತಿದ್ದರು. ಈಗ ಅದೇ ಮಾತು ರೀಲ್ಸ್ ಮತ್ತು ಯೂಟ್ಯೂಬ್ ಜಾಹೀರಾತಾಗಿ ಫೋನಿಗೆ ಬಂದಿದೆ. ಅದೇ ಫೋನಿನಲ್ಲಿ ನಿಜವಾದ ಡಾಕ್ಟರೂ ಸಿಗುತ್ತಾರೆ. ಊರಲ್ಲಿ ಯಾರ ಕಣ್ಣಿಗೂ ಬೀಳದೆ, ಒಂದು ದಿನದ ಕೂಲಿ ಕಳೆದುಕೊಳ್ಳದೆ ಮಾತಾಡಬಹುದು. ಇಬ್ಬರೂ ಒಂದೇ ಪರದೆಯ ಮೇಲೆ ಕಾಣುವುದರಿಂದ ಜನ ಮೋಸ ಹೋಗುತ್ತಾರೆ. ಇವರನ್ನು ಬೇರೆ ಮಾಡಿ ನೋಡುವುದು ಹೇಗೆ, ಕರೆ ಮಾಡುವ ಮೊದಲು, ಮಾಡುವಾಗ, ಆಮೇಲೆ ಏನು ಮಾಡಬೇಕು ಅನ್ನುವುದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಕೇಳಿಕೊಳ್ಳಿ: ಇದು ಫೋನಿನಲ್ಲಿ ಮುಗಿಯುವ ವಿಷಯವೇ?

ಮಾತಿನಿಂದ ತಿಳಿಯುವ ಸಮಸ್ಯೆಗಳಿಗೆ ಫೋನ್ ಚೆನ್ನಾಗಿ ಒದಗುತ್ತದೆ. ನಿಮಿರುವಿಕೆ ಸರಿಯಾಗಿ ಆಗದಿರುವುದು, ಬೇಗ ವೀರ್ಯ ಹೋಗುವುದು, ಆಸಕ್ತಿ ಕಡಿಮೆಯಾಗುವುದು, ಸಂಭೋಗದ ಭಯ, ಗರ್ಭನಿರೋಧಕದ ಬಗ್ಗೆ ಗೊಂದಲ, ಬಂದಿರುವ ಲ್ಯಾಬ್ ರಿಪೋರ್ಟ್ ಅರ್ಥ ಮಾಡಿಕೊಳ್ಳುವುದು, ಮೊದಲೇ ಶುರುವಾದ ಚಿಕಿತ್ಸೆಯ ಮುಂದಿನ ಭೇಟಿ, ಇವೆಲ್ಲ ಹೀಗೆ ನಡೆಯುತ್ತವೆ. ‘ಧಾತು ಹೋಗ್ತಿದೆ’ ಅನ್ನುವ ಚಿಂತೆಗಂತೂ ಅರ್ಧ ಔಷಧಿ ಮಾತೇ. ನಿದ್ದೆಯಲ್ಲಿ ವೀರ್ಯ ಹೋಗುವುದಾಗಲಿ, ಹಸ್ತಮೈಥುನವಾಗಲಿ ದೇಹದ ಶಕ್ತಿ ಹೀರುವುದಿಲ್ಲ. ಒಬ್ಬ ಡಾಕ್ಟರು ಸಮಾಧಾನವಾಗಿ ಇದನ್ನು ಬಿಡಿಸಿ ಹೇಳಿದರೆ ಎಷ್ಟೋ ಜನರ ಭಾರ ಇಳಿಯುತ್ತದೆ.

ಕೆಲವಕ್ಕೆ ಮಾತ್ರ ಫೋನ್ ಹಿಡಿದು ಕೂರಬಾರದು. ವೃಷಣದಲ್ಲಿ ದಿಢೀರ್ ಅಂತ ಜೋರು ನೋವು ಬಂದರೆ ಅದು ಒಳಗೆ ತಿರುಚಿಕೊಂಡಿರಬಹುದು. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುವ ಸಾಧ್ಯತೆ ಜಾಸ್ತಿ, ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ನಿಮಿರುವಿಕೆ ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ಅದೂ ತುರ್ತು. ಮುಟ್ಟು ನಿಂತ ಹೆಣ್ಣುಮಗಳಿಗೆ ಕೆಳಹೊಟ್ಟೆಯಲ್ಲಿ ಜೋರು ನೋವು, ತಲೆಸುತ್ತು, ರಕ್ತಸ್ರಾವ ಬಂದರೆ ಸೀದಾ ಆಸ್ಪತ್ರೆಗೆ ಹೋಗಬೇಕು. ಕಾಂಡೋಮ್ ಇಲ್ಲದೆ ಸಂಪರ್ಕವಾಗಿ ಎಚ್‌ಐವಿ ಭಯವಿದ್ದರೆ, ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ, ಆದಷ್ಟು ಬೇಗ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕಾಗುತ್ತದೆ. ಅದನ್ನು ಕೊಡಬೇಕೋ ಬೇಡವೋ ಅನ್ನುವುದನ್ನು ಜಿಲ್ಲಾಸ್ಪತ್ರೆಯಂಥ ಕಡೆ ನಿರ್ಧರಿಸುತ್ತಾರೆ. ಬಳ್ಳಾರಿಯಲ್ಲಿ ನಾವೆಲ್ಲ ಈಗಲೂ ವಿಮ್ಸ್ ಅಂತಲೇ ಕರೆಯುವ ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಿ.

ಹುಣ್ಣು, ಕೀವು, ಉರಿಮೂತ್ರ, ದುರ್ವಾಸನೆಯ ಬಿಳಿ ಸೆರಗು, ಇವು ನಡುವೆ ನಿಲ್ಲುವ ವಿಷಯಗಳು. ಫೋನಿನಲ್ಲಿ ಮೊದಲ ಸಲಹೆ ಪಡೆಯಬಹುದು, ಆದರೆ ಪರೀಕ್ಷೆ ಬೇಕಾಗುತ್ತದೆ. ಹುಣ್ಣು ಸಿಫಿಲಿಸ್‌ನದೋ ಹರ್ಪಿಸ್‌ನದೋ ಅಂತ ಮಾತು ಕೇಳಿ ಹೇಳುವುದು ಕಷ್ಟ, ಔಷಧಿ ಬೇರೆ ಬೇರೆ. ಜಿಲ್ಲಾಸ್ಪತ್ರೆಗಳಲ್ಲಿ ಇದಕ್ಕೆಂದೇ ಸುರಕ್ಷಾ ಕ್ಲಿನಿಕ್ ಅಂತ ಇದೆ, ಔಷಧಿ ಉಚಿತ. ಇಂಥ ಸೋಂಕಿಗೆ ಸಂಗಾತಿಗೂ ಚಿಕಿತ್ಸೆ ಬೇಕು ಅನ್ನುವುದನ್ನು ಮರೆಯಬೇಡಿ. ಒಬ್ಬರೇ ಮಾತ್ರೆ ನುಂಗಿದರೆ ತಿಂಗಳೊಳಗೆ ಮತ್ತೆ ಬರಬಹುದು.

ಎಲ್ಲಿಗೆ ಕರೆ ಮಾಡಬೇಕು

ಹೆಸರು ಹೇಳದೆ ಬರೀ ಮಾಹಿತಿ ಬೇಕಾದರೆ 1097. ಇದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಎಚ್‌ಐವಿ, ಲೈಂಗಿಕ ಸೋಂಕು, ಹತ್ತಿರದ ಪರೀಕ್ಷಾ ಕೇಂದ್ರ ಎಲ್ಲಿದೆ ಎಂಬುದನ್ನೆಲ್ಲ ಕೇಳಬಹುದು. ಔಷಧ ಚೀಟಿ ಇಲ್ಲಿ ಸಿಗುವುದಿಲ್ಲ. ಸಾಮಾನ್ಯ ಆರೋಗ್ಯ ಸಲಹೆಗೆ ರಾಜ್ಯದ ಆರೋಗ್ಯ ಸಹಾಯವಾಣಿ 104 ಇದೆ. ಸಮಸ್ಯೆಯ ಬುಡದಲ್ಲಿ ಭಯ, ನಿದ್ದೆಗೇಡು, ದುಃಖವಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಡಾಕ್ಟರ ಚೀಟಿ ಬೇಕು, ದುಡ್ಡಿಲ್ಲ ಅನ್ನುವವರಿಗೆ ಕೇಂದ್ರ ಸರ್ಕಾರದ ಇ-ಸಂಜೀವಿನಿ ಇದೆ. esanjeevani.mohfw.gov.in ತೆರೆದು ಮೊಬೈಲ್ ನಂಬರ್ ಹಾಕಿದರೆ ಓಟಿಪಿ ಬರುತ್ತದೆ. ಹೆಸರು, ವಯಸ್ಸು, ಊರು ತುಂಬಿ ಕರ್ನಾಟಕ ಆರಿಸಿದರೆ ಟೋಕನ್ ಸಿಗುತ್ತದೆ, ಸರದಿ ಬಂದಾಗ ಡಾಕ್ಟರು ವಿಡಿಯೋದಲ್ಲಿ ಬರುತ್ತಾರೆ. ಮುಗಿದ ಮೇಲೆ ಚೀಟಿ ಡೌನ್‌ಲೋಡ್ ಆಗುತ್ತದೆ. ಬಹಳ ಸಲ ಮೊದಲು ಸಿಗುವವರು ಸಾಮಾನ್ಯ ವೈದ್ಯರು. ಅವರು ತಜ್ಞರ ಹತ್ತಿರ ಕಳಿಸಬಹುದು. ಊರಿನ ಉಪಕೇಂದ್ರದಲ್ಲೂ ಇದೇ ಸೇವೆ ಸಿಗುತ್ತದೆ, ಆದರೆ ಅಲ್ಲಿ ನಿಮ್ಮ ಊರಿನ ಸಿಬ್ಬಂದಿ ಪಕ್ಕದಲ್ಲೇ ಇರುತ್ತಾರೆ. ಇಂಥ ವಿಷಯಕ್ಕೆ ಮನೆಯಿಂದ ನಿಮ್ಮದೇ ಫೋನಿನಲ್ಲಿ ಮಾಡುವುದು ವಾಸಿ.

ಖಾಸಗಿಯಾಗಿ ಹೋಗುವುದಾದರೆ ನನ್ನ ಸಲಹೆ ಇಷ್ಟು: ಮೊದಲು ಬಳ್ಳಾರಿ, ಹೊಸಪೇಟೆ, ರಾಯಚೂರಲ್ಲಿ ನಿಜವಾದ ಕ್ಲಿನಿಕ್ ಇರುವ, ಫೋನಿನಲ್ಲೂ ನೋಡುವ ಡಾಕ್ಟರನ್ನು ಹುಡುಕಿ. ನಾಳೆ ಮುಟ್ಟಿ ನೋಡಬೇಕಾದರೆ ಅದೇ ಡಾಕ್ಟರ ಹತ್ತಿರ ಹೋಗಬಹುದು. ಚರ್ಮ ಮತ್ತು ಲೈಂಗಿಕ ರೋಗ ತಜ್ಞರು, ಮೂತ್ರರೋಗ ತಜ್ಞರು, ಸ್ತ್ರೀರೋಗ ತಜ್ಞರು, ಮನೋವೈದ್ಯರು, ಸಮಸ್ಯೆ ನೋಡಿ ಇವರಲ್ಲಿ ಒಬ್ಬರು. ಬೋರ್ಡಿನ ಮೇಲೆ ಬರೀ ‘ಸೆಕ್ಸಾಲಜಿಸ್ಟ್’ ಅಂತಿದ್ದರೆ ಅದರ ಕೆಳಗೆ ಎಂಬಿಬಿಎಸ್, ಎಂಡಿ ಅಥವಾ ಬಿಎಎಂಎಸ್‌ನಂಥ ಪದವಿ ಇದೆಯಾ ನೋಡಿ.

ಅಪ್ರಾಪ್ತ ವಯಸ್ಸಿನವರಿಗೆ ಫೋನಿನಲ್ಲಿ ಡಾಕ್ಟರನ್ನು ಕಾಣಲು ದೊಡ್ಡವರೊಬ್ಬರು ಜೊತೆಗಿರಬೇಕು ಅಂತ ನಿಯಮವಿದೆ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ನಡೆಯುತ್ತದೆ, ಅಲ್ಲಿ ಕೇಳಬಹುದು.

ಡಾಕ್ಟರ್ ನಿಜವೇ? ನೋಡುವುದು ಹೀಗೆ

ನಮ್ಮ ದೇಶದಲ್ಲಿ ಫೋನ್ ವೈದ್ಯಕ್ಕೆ 2020ರ ಮಾರ್ಚ್ 25ರಿಂದ ಸರ್ಕಾರದ ಮಾರ್ಗಸೂಚಿ ಇದೆ. ಅದರ ಪ್ರಕಾರ ನೋಂದಾಯಿತ ವೈದ್ಯರು ಮಾತ್ರ ಹೀಗೆ ಚಿಕಿತ್ಸೆ ಕೊಡಬಹುದು. ವಾಟ್ಸ್‌ಆ್ಯಪ್, ಸಾದಾ ಕರೆ, ವಿಡಿಯೋ ಎಲ್ಲವೂ ನಡೆಯುತ್ತದೆ. ಆದ್ದರಿಂದ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡುತ್ತಾರೆ ಅನ್ನುವ ಒಂದೇ ಕಾರಣಕ್ಕೆ ನಕಲಿ ಅನ್ನಬೇಡಿ. ಆದರೆ ಡಾಕ್ಟರು ತಮ್ಮ ಹೆಸರು, ಪದವಿ ಹೇಳಬೇಕು. ನೋಂದಣಿ ಸಂಖ್ಯೆಯನ್ನು ಚೀಟಿ, ರಸೀದಿ, ವೆಬ್‌ಸೈಟ್ ಎಲ್ಲದರಲ್ಲೂ ಹಾಕಬೇಕು.

ಹಾಗಾಗಿ ದುಡ್ಡು ಕಟ್ಟುವ ಮೊದಲೇ ಒಂದು ಮೆಸೇಜ್ ಕಳಿಸಿ: ‘ನನ್ನನ್ನು ನೋಡುವ ಡಾಕ್ಟರ ಪೂರ್ತಿ ಹೆಸರು, ಪದವಿ, ನೋಂದಣಿ ಸಂಖ್ಯೆ, ಯಾವ ಮಂಡಳಿಯದು ತಿಳಿಸಿ.’ ಅಸಲಿ ಕ್ಲಿನಿಕ್‌ನವರು ತಕರಾರಿಲ್ಲದೆ ಕೊಡುತ್ತಾರೆ. ‘ನಮ್ಮ ಸೀನಿಯರ್ ಡಾಕ್ಟ್ರು ಇಪ್ಪತ್ತು ವರ್ಷ ಅನುಭವ ಇರೋರು, ಚಿಂತೆ ಬ್ಯಾಡ’ ಅಂತ ಮಾತು ತೇಲಿಸಿದರೆ ಅಲ್ಲಿಗೇ ಬಿಡಿ.

ಸಂಖ್ಯೆ ಸಿಕ್ಕ ಮೇಲೆ nmc.org.in ಗೆ ಹೋಗಿ ‘Indian Medical Register’ ಅನ್ನುವ ಭಾಗದಲ್ಲಿ ಹೆಸರು ಅಥವಾ ಸಂಖ್ಯೆ ಹಾಕಿ ಹುಡುಕಿ. ಕರ್ನಾಟಕದವರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿರುತ್ತಾರೆ. ಆಯುರ್ವೇದ, ಯುನಾನಿ, ಹೋಮಿಯೋಪತಿ ವೈದ್ಯರ ಹೆಸರು ಈ ಪಟ್ಟಿಯಲ್ಲಿ ಇರುವುದಿಲ್ಲ. ಅವರಿಗೆ ಬೇರೆ ಮಂಡಳಿಗಳಿವೆ, ಆ ಮಂಡಳಿಯ ಸಂಖ್ಯೆ ಕೇಳಿ. ಹೆಸರು ಸಿಕ್ಕರೂ ಒಂದು ಕೆಲಸ ಬಾಕಿ ಇರುತ್ತದೆ. ಪಟ್ಟಿಯಲ್ಲಿರುವ ಹೆಸರನ್ನು ಇನ್ಯಾರೋ ಬಳಸುತ್ತಿರಬಹುದು ಅಲ್ವಾ? ಆ ಡಾಕ್ಟರ ಕ್ಲಿನಿಕ್ ಎಲ್ಲಿದೆ ಅಂತ ಬೇರೆ ಕಡೆಯಿಂದ ಲ್ಯಾಂಡ್‌ಲೈನ್ ಅಥವಾ ನಂಬರ್ ಹುಡುಕಿ ಕರೆ ಮಾಡಿ, ‘ಡಾಕ್ಟ್ರು ಈ ನಂಬರಿಂದ ಫೋನಲ್ಲಿ ನೋಡ್ತಾರಾ?’ ಅಂತ ಕೇಳಿ. ಕರ್ನಾಟಕದ ಖಾಸಗಿ ಕ್ಲಿನಿಕ್‌ಗಳು ಕೆಪಿಎಂಇ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ಆ ಸಂಖ್ಯೆಯನ್ನೂ ಕೇಳಬಹುದು.

ಕಾರಟಗಿಯ ಈರಣ್ಣನ ಎರಡು ಕರೆ

ಈಗ ಒಂದು ಪ್ರಕರಣ. ಇದು ಒಬ್ಬರ ಕಥೆಯಲ್ಲ, ನಮ್ಮ ಕಡೆ ನಡೆಯುವ ಹಲವನ್ನು ಸೇರಿಸಿ ಬರೆದದ್ದು. ಈರಣ್ಣ ಅನ್ನೋಣ. ವಯಸ್ಸು 33, ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಕೆಲಸ, ಮದುವೆಯಾಗಿ ಐದು ತಿಂಗಳು. ಹೆಂಡತಿ ಹತ್ತಿರ ಹೋದಾಗ ನಿಮಿರುವಿಕೆ ಉಳಿಯುವುದಿಲ್ಲ. ಯಾರ ಹತ್ತಿರ ಹೇಳೋದು?

ಫೋನಿನಲ್ಲಿ ಜಾಹೀರಾತು ಬಂತು. ಅದರಲ್ಲಿದ್ದ ನಂಬರಿಗೆ ಮಿಸ್ ಕಾಲ್ ಕೊಟ್ಟ. ಹತ್ತು ನಿಮಿಷದಲ್ಲಿ ಕರೆ ಬಂತು. ಆ ‘ಡಾಕ್ಟರು’ ಕೇಳಿದ್ದು ಮೂರೇ ಪ್ರಶ್ನೆ: ಎಷ್ಟು ದಿನದಿಂದ, ಚಿಕ್ಕಂದಿನಲ್ಲಿ ಹಸ್ತಮೈಥುನ ಮಾಡಿಕೊಳ್ತಿದ್ದೆಯಾ, ಸಂಬಳ ಎಷ್ಟು. ತೀರ್ಮಾನ ತಕ್ಷಣ ಬಂತು. ‘ನರ ಸತ್ತು ಹೋಗಿವೆ, ಈಗ ಬಿಟ್ಟರೆ ಮಕ್ಕಳಾಗಲ್ಲ.’ ಮೂರು ತಿಂಗಳ ಕೋರ್ಸ್, ಅಪ್ಪಟ ಗಿಡಮೂಲಿಕೆ, 4,800 ರೂಪಾಯಿ, ಇವತ್ತೇ ಕಟ್ಟಿದರೆ ರಿಯಾಯಿತಿ. ಕ್ಯಾಪ್ಸೂಲ್ ಬಂತು. ಅದನ್ನು ನುಂಗಿದ ರಾತ್ರಿಯೇ, ಒಂದು ಗಂಟೆಯೊಳಗೆ ಕೆಲಸ ಮಾಡಿತು. ಜೊತೆಗೆ ತಲೆನೋವು, ಮುಖ ಬಿಸಿ, ಮೂಗು ಕಟ್ಟಿದ್ದು. ಈರಣ್ಣನಿಗೆ ಖುಷಿ. ಎರಡು ವಾರಕ್ಕೆ ಮತ್ತೆ ಕರೆ: ‘ಎರಡನೇ ಹಂತದ ಔಷಧಿ 9,000.’

ಇಲ್ಲಿ ನಿಂತು ನೋಡಬೇಕು. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಅನ್ನುವ ಇಂಗ್ಲಿಷ್ ಮಾತ್ರೆ ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಕೆಲಸ ಮಾಡುತ್ತದೆ. ತಲೆನೋವು, ಮುಖ ಕೆಂಪಾಗುವುದು, ಮೂಗು ಕಟ್ಟುವುದು ಅದರ ಸಾಮಾನ್ಯ ಅಡ್ಡ ಪರಿಣಾಮಗಳು. ‘ಗಿಡಮೂಲಿಕೆ’ ಅಂತ ಮಾರುವ ಇಂಥ ಉತ್ಪನ್ನಗಳಲ್ಲಿ ಹೇಳದೆ ಇದೇ ಔಷಧಿ ಬೆರೆಸಿರುವುದು ಹಲವು ದೇಶಗಳ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಬೆರೆಸಿದ ಪ್ರಮಾಣ ಎಷ್ಟು ಅಂತ ನುಂಗುವವರಿಗೆ ಗೊತ್ತಿರುವುದಿಲ್ಲ. ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆ ತೆಗೆದುಕೊಳ್ಳುವವರು ಇದನ್ನು ನುಂಗಿದರೆ ಬಿಪಿ ಒಮ್ಮೆಗೇ ಕುಸಿದು ಜೀವಕ್ಕೆ ಅಪಾಯ. ಆದ್ದರಿಂದ ‘ಆಯುರ್ವೇದ’ ಅಂತ ಕೊಟ್ಟದ್ದು ಅದೇ ರಾತ್ರಿ ಮ್ಯಾಜಿಕ್ ಮಾಡಿದರೆ ಸಂತೋಷ ಪಡಬೇಡಿ, ಅನುಮಾನಪಡಿ.

9,000 ಇಲ್ಲದ ಈರಣ್ಣ ಬೇರೆ ದಾರಿ ಹುಡುಕಿದ. ಬಳ್ಳಾರಿಯಲ್ಲಿ ಕ್ಲಿನಿಕ್ ಇರುವ ಒಬ್ಬ ತಜ್ಞರ ನೋಂದಣಿ ನೋಡಿ, ವಿಡಿಯೋ ಕರೆಗೆ ಸಮಯ ತೆಗೆದುಕೊಂಡ. ಕರೆ ಸಾಗಿದ್ದು ಹೀಗೆ.

‘ಯಾವಾಗಿಂದ ಹೀಗಾಗ್ತಿದೆ?’

‘ಮದುವಿ ಆದಾಗಿಂದ ರೀ.’

‘ಬೆಳಗ್ಗೆ ಎದ್ದಾಗ ತಾನಾಗೇ ನಿಮಿರಿರುತ್ತಾ?’

‘ಮೊದ್ಲು ದಿನಾ ಇರ್ತಿತ್ತು ರೀ. ಈಗ ಒಮ್ಮೊಮ್ಮೆ.’

‘ಒಬ್ಬರೇ ಇದ್ದಾಗ?’

ಈರಣ್ಣ ಸ್ವಲ್ಪ ಹೊತ್ತು ಸುಮ್ಮನಾದ. ‘ಆಗ ಪರವಾಗಿಲ್ಲ ರೀ.’

ಈ ಪ್ರಶ್ನೆಗಳನ್ನು ಸುಮ್ನೆ ಕೇಳುವುದಲ್ಲ. ಬೆಳಗ್ಗೆ ಅಥವಾ ಒಬ್ಬರೇ ಇದ್ದಾಗ ಸರಿಯಿದ್ದು ಹೆಂಡತಿ ಜೊತೆ ಮಾತ್ರ ಆಗದಿದ್ದರೆ ಭಯದ ಪಾಲು ದೊಡ್ಡದು. ಎಲ್ಲ ಹೊತ್ತಲ್ಲೂ ನಿಧಾನಕ್ಕೆ ಕಡಿಮೆಯಾಗುತ್ತಾ ಬಂದಿದ್ದರೆ ರಕ್ತನಾಳ, ಶುಗರ್, ಹಾರ್ಮೋನ್ ಕಡೆ ನೋಡಬೇಕು. ಆಮೇಲೆ ಡಾಕ್ಟರು ಗುಟ್ಕಾ, ಬೀಡಿ, ಕುಡಿತ, ರಾತ್ರಿ ಪಾಳಿ, ನಿದ್ದೆ ಕೇಳಿದರು. ಬಾಯಾರಿಕೆ, ರಾತ್ರಿ ಮೂತ್ರಕ್ಕೆ ಏಳುವುದು, ಮೆಟ್ಟಿಲು ಹತ್ತಿದರೆ ಎದೆನೋವು, ಅಪ್ಪ ಅಮ್ಮನಿಗೆ ಶುಗರ್ ಇದೆಯಾ ಅಂತ ಕೇಳಿದರು. ಬೇರೆ ಏನು ನುಂಗುತ್ತೀರಿ ಅಂದಾಗ ಈರಣ್ಣ ಆ ಕ್ಯಾಪ್ಸೂಲ್ ವಿಷಯ ಹೇಳಿದ. ಡಾಕ್ಟರು ಬಯ್ಯಲಿಲ್ಲ. ಅದನ್ನು ನಿಲ್ಲಿಸಿ, ಡಬ್ಬಿ ಇಟ್ಟುಕೊಳ್ಳಿ ಅಂದರು.

ಔಷಧಿ? ಅವತ್ತು ಕೊಡಲೇ ಇಲ್ಲ. ಬಿಪಿ ನೋಡಿಸಿ, ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ ಅನ್ನುವ ಮೂರು ತಿಂಗಳ ಸರಾಸರಿ ಶುಗರ್, ಕೊಬ್ಬಿನ ಪರೀಕ್ಷೆ ಮಾಡಿಸಿ ಅಂದರು. ದುಡ್ಡು ಕೊಟ್ಟು ಮಾತ್ರೆ ಬರಲಿಲ್ಲ ಅಂತ ಈರಣ್ಣನಿಗೆ ಬೇಸರವಾಯಿತು. ಬಹಳ ಜನ ಇಲ್ಲೇ ಡಾಕ್ಟರನ್ನು ಬಿಟ್ಟು ಮತ್ತೆ ಕ್ಯಾಪ್ಸೂಲ್‌ಗೆ ಹೋಗುತ್ತಾರೆ. ಹೋಗಬೇಡಿ. ಮೊದಲ ಕರೆಯ ಕೊನೆಗೆ ಪಾರ್ಸೆಲ್ ಬದಲು ಪರೀಕ್ಷೆಯ ಪಟ್ಟಿ ಸಿಕ್ಕಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ ಅಂತ ನಾನು ಹೇಳುತ್ತೇನೆ.

ರಿಪೋರ್ಟ್ ಬಂತು. ಬಿಪಿ 128/82. ಖಾಲಿ ಹೊಟ್ಟೆಯ ಶುಗರ್ 142, ಎಚ್‌ಬಿಎ1ಸಿ 7.1. ಮೊದಲನೆಯದು 126 ಮುಟ್ಟಿದರೆ, ಎರಡನೆಯದು 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅನ್ನುತ್ತಾರೆ. ಈರಣ್ಣನಿಗೆ ಎರಡೂ ದಾಟಿವೆ. ಸಕ್ಕರೆ ಕಾಯಿಲೆ ಸಣ್ಣ ರಕ್ತನಾಳ, ನರ ಎರಡಕ್ಕೂ ಪೆಟ್ಟು ಕೊಡುತ್ತದೆ. ಎಷ್ಟೋ ಗಂಡಸರಲ್ಲಿ ನಿಮಿರುವಿಕೆಯ ತೊಂದರೆಯೇ ಅದರ ಮೊದಲ ಸುಳಿವು. ಕ್ಯಾಪ್ಸೂಲ್ ನುಂಗುತ್ತಾ ಇದ್ದಿದ್ದರೆ ಅದು ಇನ್ನೂ ಕೆಲವು ವರ್ಷ ಒಳಗೇ ಬೆಳೆಯುತ್ತಿತ್ತು.

ಎರಡನೇ ಕರೆಯಲ್ಲಿ ಡಾಕ್ಟರು ಶುಗರ್ ಚಿಕಿತ್ಸೆಗೆ ಗಂಗಾವತಿಯ ಸರ್ಕಾರಿ ಆಸ್ಪತ್ರೆಗೆ ಹೋಗಲು ಹೇಳಿದರು, ಗುಟ್ಕಾ ಬಿಡಲು ಹೇಳಿದರು. ಒಂದು ಸಲ ಗಂಡ ಹೆಂಡತಿ ಇಬ್ಬರೂ ಕರೆಯಲ್ಲಿ ಇರಿ ಅಂದರು. ಎದೆನೋವಿನ ಮಾತ್ರೆ ಇಲ್ಲ ಅನ್ನುವುದನ್ನು ಮತ್ತೊಮ್ಮೆ ಖಚಿತ ಮಾಡಿಕೊಂಡು, ಕಡಿಮೆ ಡೋಸಿನ ಮಾತ್ರೆಯನ್ನು ಚೀಟಿಯಲ್ಲಿ ಬರೆದರು. ಈರಣ್ಣನ ಭಯ ಒಂದೆರಡು ತಿಂಗಳಲ್ಲಿ ಕಡಿಮೆಯಾಯಿತು. ಶುಗರ್ ಮಾತ್ರ ಜೀವನಪೂರ್ತಿ ನೋಡಿಕೊಳ್ಳಬೇಕಾದ ಕೆಲಸ.

ಕರೆಗೆ ಮೊದಲು ನೀವೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ತೊಂದರೆ ಶುರುವಾದ ತಿಂಗಳು, ನುಂಗುತ್ತಿರುವ ಎಲ್ಲ ಮಾತ್ರೆ ಪುಡಿಗಳ ಹೆಸರು, ಶುಗರ್ ಬಿಪಿ ಇದ್ದರೆ ಕೊನೆಯ ಸಂಖ್ಯೆ, ಹೆಂಗಸರಾದರೆ ಕೊನೆಯ ಮುಟ್ಟಿನ ಮೊದಲ ದಿನ. ನಾಚಿಕೆಯಲ್ಲಿ ಮರೆಯುವುದು ಇವನ್ನೇ. ಮಾತಾಡಲು ಇಂಗ್ಲಿಷ್ ಪದ ಬೇಕಿಲ್ಲ. ‘ಬಿಳಿ ಹೋಗ್ತದ, ಉರಿತದ, ನಿಲ್ಲಂಗಿಲ್ಲ’ ಅಂದರೆ ಇಲ್ಲಿಯ ಡಾಕ್ಟರಿಗೆ ಅರ್ಥವಾಗುತ್ತದೆ. ಹೆಣ್ಣುಮಕ್ಕಳು ಮಹಿಳಾ ಡಾಕ್ಟರೇ ಬೇಕು ಅಂತ ಮೊದಲೇ ಕೇಳಬಹುದು.

ಸರಿಯಾದ ಚೀಟಿಯಲ್ಲಿ ಡಾಕ್ಟರ ಹೆಸರು, ಪದವಿ, ನೋಂದಣಿ ಸಂಖ್ಯೆ, ವಿಳಾಸ, ದಿನಾಂಕ, ನಿಮ್ಮ ಹೆಸರು ವಯಸ್ಸು, ಔಷಧಿಯ ನಿಜವಾದ ಹೆಸರು, ಡೋಸ್, ಸಹಿ ಇರುತ್ತದೆ. ಅದನ್ನು ಯಾವ ಊರಿನ ಮೆಡಿಕಲ್ ಶಾಪ್‌ನಲ್ಲಿ ಬೇಕಾದರೂ ತೋರಿಸಬಹುದು. ಕಾರಟಗಿಯಲ್ಲಿ ಗುರುತು ಸಿಗುತ್ತದೆ ಅಂದರೆ ಗಂಗಾವತಿಯಲ್ಲಿ ತೆಗೆದುಕೊಳ್ಳಿ. ಔಷಧಿಯ ಹೆಸರಿಲ್ಲದೆ ‘ಪವರ್ ಕಿಟ್ 2’ ಅಂತ ಬರೆದದ್ದು ಚೀಟಿಯೇ ಅಲ್ಲ.

ಗುಟ್ಟು ಎಲ್ಲಿ ಸೋರುತ್ತದೆ

ಜನ ದೊಡ್ಡ ಹ್ಯಾಕರ್‌ಗಳಿಗೆ ಹೆದರುತ್ತಾರೆ. ನಮ್ಮ ಮನೆಗಳಲ್ಲಿ ಗುಟ್ಟು ಸೋರುವುದು ಅದಕ್ಕಿಂತ ಹತ್ತಿರದಲ್ಲೇ. ಒಂದೇ ಫೋನನ್ನು ಅಣ್ಣ, ತಂಗಿ, ಮಕ್ಕಳು ಎಲ್ಲ ಬಳಸುತ್ತಾರೆ. ಗಂಡ ಬೆಂಗಳೂರಿಗೆ ದುಡಿಯಲು ಹೋದಾಗ ಮನೆಯ ಫೋನ್ ಮೈದುನನ ಕೈಯಲ್ಲಿರುತ್ತದೆ.

ಮೊದಲು ಕರೆ ರೆಕಾರ್ಡಿಂಗ್ ನೋಡಿ. ಕೆಲವು ಫೋನ್‌ಗಳಲ್ಲಿ ಪ್ರತಿ ಕರೆ ತಾನಾಗೇ ರೆಕಾರ್ಡ್ ಆಗುವಂತೆ ಇಟ್ಟಿರುತ್ತಾರೆ, ಇಟ್ಟವರಿಗೇ ನೆನಪಿರುವುದಿಲ್ಲ. ಡಯಲರ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ. ಆಮೇಲೆ ನೋಟಿಫಿಕೇಶನ್. ಲಾಕ್ ಆದ ಪರದೆಯ ಮೇಲೆ ‘ನಿಮ್ಮ ಲೈಂಗಿಕ ತಜ್ಞರ ಭೇಟಿ 6 ಗಂಟೆಗೆ’ ಅಂತ ಮೂಡಿದರೆ ಮುಗಿಯಿತು. ಮೆಸೇಜಿನ ಒಳಗಿನ ಮಾತು ಪರದೆ ಮೇಲೆ ತೋರದಂತೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ. ವಾಟ್ಸ್‌ಆ್ಯಪ್‌ನಲ್ಲಿ ‘Linked devices’ ತೆರೆದು ಬೇರೆ ಯಾರ ಕಂಪ್ಯೂಟರಿಗೂ ಜೋಡಿಸಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಯುಪಿಐನಲ್ಲಿ ದುಡ್ಡು ಕಟ್ಟಿದರೆ ಕ್ಲಿನಿಕ್ ಹೆಸರು ಹಿಸ್ಟರಿಯಲ್ಲೂ ಬ್ಯಾಂಕ್ ವಿವರದಲ್ಲೂ ಉಳಿಯುತ್ತದೆ. ಮನೆಯವರು ಅದನ್ನು ನೋಡುವವರಾದರೆ ಇ-ಸಂಜೀವಿನಿಯಂಥ ಉಚಿತ ಸೇವೆ ಲೇಸು.

ಫೋಟೋ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹುಣ್ಣು, ದದ್ದು ಇದ್ದರೆ ಅಸಲಿ ಡಾಕ್ಟರೂ ಫೋಟೋ ಕೇಳಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ನೀವು ‘ಬೇಡ ಸರ್, ಬಂದು ತೋರಿಸ್ತೀನಿ’ ಅನ್ನಬಹುದು, ಅಸಲಿಯವರು ಒತ್ತಾಯ ಮಾಡುವುದಿಲ್ಲ. ಕಳಿಸುವುದೇ ಆದರೆ ನೋಂದಣಿ ಪರಿಶೀಲಿಸಿದ ಮೇಲೆ ಕಳಿಸಿ. ಮುಖ, ಹಚ್ಚೆ, ಕೈಯ ದಾರ, ಹಿಂದಿನ ಗೋಡೆ ಯಾವುದೂ ಕಾಣದಂತೆ, ತೊಂದರೆಯಿರುವ ಜಾಗವನ್ನಷ್ಟೇ ತೆಗೆಯಿರಿ. ಕಳಿಸಿದ ಮೇಲೆ ಗ್ಯಾಲರಿಯಿಂದ ಅಳಿಸಿ, ಟ್ರ್ಯಾಶ್ ಅಥವಾ ಬಿನ್ ಅನ್ನುವ ಜಾಗದಿಂದಲೂ ಅಳಿಸಿ, ಅಲ್ಲಿ ಅದು ಎಷ್ಟೋ ದಿನ ಉಳಿದಿರುತ್ತದೆ. ನಿಮಿರುವಿಕೆ ತೊಂದರೆಗೆ ಮೊದಲ ಕರೆಯಲ್ಲೇ ಬೆತ್ತಲೆ ವಿಡಿಯೋ ಕೇಳುವವರು ಡಾಕ್ಟರಲ್ಲ.

ಆ್ಯಪ್ ಹಾಕಿಕೊಂಡರೆ ಅದು ಕಾಂಟ್ಯಾಕ್ಟ್ಸ್ ಕೇಳುತ್ತದಾ ನೋಡಿ. ವೈದ್ಯಕ್ಕೆ ನಿಮ್ಮ ಫೋನ್‌ಬುಕ್ ಯಾಕೆ ಬೇಕು? ಕ್ಯಾಮೆರಾ, ಮೈಕ್ ಕರೆಯ ಹೊತ್ತಿಗೆ ಮಾತ್ರ ಕೊಡಿ, ಕಾಂಟ್ಯಾಕ್ಟ್ಸ್ ಕೊಡಬೇಡಿ. ಆಭಾ ಅನ್ನುವ ಸರ್ಕಾರದ ಆರೋಗ್ಯ ಗುರುತಿನ ಕಾರ್ಡ್ ಕೇಳಿದರೆ ಅದು ಕಡ್ಡಾಯವಲ್ಲ.

ಹೆಸರು ಮುಚ್ಚಿಡಬಹುದೇ ಅಂತ ಬಹಳ ಜನ ಕೇಳುತ್ತಾರೆ. 1097ಕ್ಕೆ ಹೆಸರು ಬೇಕಿಲ್ಲ. ಆದರೆ ಚೀಟಿ ಬರೆಯಬೇಕಾದರೆ ಡಾಕ್ಟರು ನಿಮ್ಮ ಹೆಸರು, ವಯಸ್ಸು ತಿಳಿಯಲೇಬೇಕು, ದಾಖಲೆ ಇಡಲೇಬೇಕು. ಸುಳ್ಳು ವಯಸ್ಸು ಹೇಳಿದರೆ ಡೋಸ್ ತಪ್ಪಬಹುದು. ಆ ದಾಖಲೆಯನ್ನು ಗುಟ್ಟಾಗಿ ಇಡುವುದು ಅವರ ಕರ್ತವ್ಯ, ಮುರಿದರೆ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆಯೇ ಇದೆ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. ಕಾಯ್ದೆ ಹೇಳಿದ ಕೆಲವೇ ಸಂದರ್ಭಗಳು ಇದಕ್ಕೆ ಹೊರತು.

ಮಾತಾಡುವ ಜಾಗವೂ ಮುಖ್ಯ. ಮನೆಯಲ್ಲಿ ಕೋಣೆಯಿಲ್ಲದಿದ್ದರೆ ಹೊಲದ ಕಡೆ ಹೋಗಿ, ಇಯರ್‌ಫೋನ್ ಹಾಕಿಕೊಳ್ಳಿ. ಆಗ ಡಾಕ್ಟರ ಪ್ರಶ್ನೆ ಯಾರಿಗೂ ಕೇಳುವುದಿಲ್ಲ, ನೀವು ‘ಹೌದು, ಇಲ್ಲ’ ಅಂದರೂ ನಡೆಯುತ್ತದೆ.

ಇವು ಕಂಡರೆ ಕರೆ ಕತ್ತರಿಸಿ

ಜಾಹೀರಾತೇ ಮೊದಲ ಸುಳಿವು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ, ಗುಪ್ತರೋಗ ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆ ನಿಷೇಧಿಸಿದೆ. ಫೋನ್ ವೈದ್ಯದ ಮಾರ್ಗಸೂಚಿಯೂ ಡಾಕ್ಟರು ಜಾಹೀರಾತು, ಆಮಿಷ ಕೊಟ್ಟು ರೋಗಿಗಳನ್ನು ಸೆಳೆಯಬಾರದು ಅನ್ನುತ್ತದೆ. ‘100% ಗ್ಯಾರಂಟಿ, ಇವತ್ತೇ ಕೊನೆ’ ಅನ್ನುವವರು ಬಾಗಿಲಲ್ಲೇ ಕಾನೂನು ಮುರಿದಿದ್ದಾರೆ.

ಎರಡನೆಯದು, ಹಸ್ತಮೈಥುನದಿಂದ ನರ ಸತ್ತಿದೆ ಅನ್ನುವ ಮಾತು. ಕಲಿತ ಡಾಕ್ಟರು ಯಾರೂ ಹಾಗೆ ಹೇಳುವುದಿಲ್ಲ. ಅದು ಭಯ ಹುಟ್ಟಿಸಿ ಮಾರುವ ದಾರಿ. ಮೂರನೆಯದು, ರಸೀದಿ ಕೊಡದೆ ಬೇರೆ ಬೇರೆ ಜನರ ಹೆಸರಿನ ಯುಪಿಐಗೆ ದುಡ್ಡು ಹಾಕಿಸುವುದು. ಹೆಣ್ಣುಮಕ್ಕಳಿಗೆ ಒಂದು ಮಾತು: ಗರ್ಭಪಾತದ ಮಾತ್ರೆಯನ್ನು ಕೊರಿಯರ್‌ನಲ್ಲಿ ಕಳಿಸುತ್ತೇವೆ ಅನ್ನುವವರಿಂದ ದೂರ ಇರಿ. ಎಷ್ಟು ವಾರ, ಗರ್ಭ ಎಲ್ಲಿ ಕೂತಿದೆ ಅಂತ ನೋಡದೆ ನುಂಗಿದರೆ ರಕ್ತಸ್ರಾವದಿಂದ ಜೀವಕ್ಕೇ ಅಪಾಯ. ಕಾನೂನು ಪ್ರಕಾರ ಅದನ್ನು ಅರ್ಹ ವೈದ್ಯರೇ ಕೊಡಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ.

ಈಗಾಗಲೇ ಸಿಕ್ಕಿಬಿದ್ದಿದ್ದರೆ

ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ದುಡ್ಡು ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಯಲು ಮೊದಲ ಗಂಟೆಗಳೇ ಮುಖ್ಯ. ಯುಪಿಐ ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ದೂರನ್ನು cybercrime.gov.in ನಲ್ಲೂ, ಸೈಬರ್ ಅಪರಾಧಗಳನ್ನು ನೋಡುವ ನಿಮ್ಮ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲೂ ಕೊಡಬಹುದು.

ಪಾರ್ಸೆಲ್ ಬೇಡ ಅಂದಿದ್ದಕ್ಕೆ ‘ಕೋರ್ಟ್ ನೋಟಿಸ್ ಬರುತ್ತೆ, ಮನೆಗೆ ಜನ ಕಳಿಸ್ತೀವಿ’ ಅಂತ ಹೆದರಿಸುವುದು ಇವರ ಹಳೇ ಆಟ. ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ವಾಪಸ್ ಕಳಿಸುವುದು ಅಪರಾಧವಲ್ಲ. ಫೋಟೋ ಇಟ್ಟುಕೊಂಡು ದುಡ್ಡು ಕೇಳಿದರೆ ಒಂದು ರೂಪಾಯಿಯೂ ಕೊಡಬೇಡಿ. ಒಮ್ಮೆ ಕೊಟ್ಟವರನ್ನೇ ಮತ್ತೆ ಕೇಳುತ್ತಾರೆ. ಚಾಟ್ ಅಳಿಸುವ ಮುಂಚೆ ನಂಬರ್, ಮೆಸೇಜ್, ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಬ್ಲಾಕ್ ಮಾಡಿ, ದೂರು ಕೊಡಿ.

ನಕಲಿ ಕ್ಲಿನಿಕ್ ನಿಮ್ಮ ಜಿಲ್ಲೆಯದೇ ಆಗಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆದು ಕೊಡಿ. ನೋಂದಾಯಿತ ಡಾಕ್ಟರೇ ತಪ್ಪು ಮಾಡಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಉಳಿದ ಕ್ಯಾಪ್ಸೂಲ್, ಪುಡಿ, ಡಬ್ಬಿ, ಕೊರಿಯರ್ ಚೀಟಿ ಎಸೆಯಬೇಡಿ. ಒಳಗೆ ಏನು ಬೆರೆಸಿದ್ದಾರೆ ಅಂತ ಔಷಧ ನಿಯಂತ್ರಣ ಇಲಾಖೆಯವರು ಪರೀಕ್ಷೆಗೆ ಕಳಿಸಲು ಅದೇ ಬೇಕು. ಮುಂದೆ ನೀವು ಕಾಣುವ ಡಾಕ್ಟರಿಗೂ ಅದನ್ನು ತೋರಿಸಿ, ಎಷ್ಟು ದಿನ, ದಿನಕ್ಕೆ ಎಷ್ಟು ನುಂಗಿದಿರಿ ಅಂತ ಹೇಳಿ.